ಸ್ಟೀಲ್ ಫಿಲ್ಟರ್‌ಗೆ ಹೊಳಪು ಎಲ್ಲಿಂದ ಬರುತ್ತದೆ? ಬ್ಲೆಂಡರ್‌ನಲ್ಲಿ ಒಂದು ಪ್ರಾಡಕ್ಟ್ ರೆಂಡರ್, ಹಂತ ಹಂತವಾಗಿ

ಕಾಫಿ ಫಿಲ್ಟರ್ ತಯಾರಿಸುವ ಒಬ್ಬರಿಗೆ ನಾನು ಮೊದಲ ಸಲ ರೆಂಡರ್ ತೋರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ, "ಇದು ಸಿಮೆಂಟ್ ಪೈಪ್ ಥರ ಕಾಣ್ತಿದೆಯಲ್ಲಪ್ಪಾ" ಅಂದರು. ಮೆಟೀರಿಯಲ್ ಸರಿಯಾಗೇ ಇತ್ತು. `Metallic` 1, ಬಣ್ಣ ತಿಳಿ ಬೂದು, ಲೈಟ್ ಮೂರು. ಆದರೂ ಅವರು ಹೇಳಿದ್ದು ನಿಜವೇ ಆಗಿತ್ತು.

ಅವರು ತಮ್ಮ ಚೀಲದಿಂದ ಅಸಲಿ ಫಿಲ್ಟರ್ ತೆಗೆದು ಮೇಜಿನ ಮೇಲಿಟ್ಟರು. ನಾನು ಬಗ್ಗಿ ನೋಡಿದೆ. ಎಡಗಡೆ ಕಿಟಕಿಯ ಉದ್ದನೆ ಬಿಳಿ ಪಟ್ಟೆ ಇತ್ತು. ಅದರ ಪಕ್ಕದಲ್ಲಿ ಕಪ್ಪನೆಯ ಒಂದು ಗೆರೆ. ನಡುವೆ ನನ್ನ ಅಂಗಿಯ ಮಸುಕು ನೀಲಿ. ಕೆಳಗೆ ಮೇಜಿನ ಕಂದು. ಸ್ಟೀಲಿನದೇ ಬಣ್ಣ ಅಂತ ಅಲ್ಲಿ ಹೆಚ್ಚೇನೂ ಇರಲಿಲ್ಲ. ಸುತ್ತ ಏನಿದೆಯೋ ಅದೇ ಅದರ ಮೈಮೇಲೆ ಇತ್ತು. ನನ್ನ ಬ್ಲೆಂಡರ್ ಸೀನ್‌ನಲ್ಲಿ ಸುತ್ತ ಇದ್ದದ್ದು ಖಾಲಿ ಬೂದು ಆಕಾಶ. ಅದಕ್ಕೇ ಅದು ಸಿಮೆಂಟ್ ಆಗಿತ್ತು.

ಅದಾದ ಮೇಲೆ ಲೋಹದ ಪಾತ್ರೆಗಳಿಗೆ ಕೆಲಸದ ಕ್ರಮವನ್ನೇ ಬದಲಿಸಿಕೊಂಡೆ. ಮೊದಲು ಕ್ಯಾಮೆರಾ, ಆಮೇಲೆ ಬೆಳಕು, ಕೊನೆಗೆ ಮೆಟೀರಿಯಲ್. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಆದರೆ ಲೋಹದ ಮೇಲೆ ಯಾವ ಪ್ರತಿಬಿಂಬ ಎಲ್ಲಿ ಬೀಳುತ್ತದೆ ಅನ್ನುವುದು ಕ್ಯಾಮೆರಾ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಕ್ಯಾಮೆರಾ ಒಂದಿಂಚು ಸರಿದರೆ ಕೂರಿಸಿದ ಬೆಳಕೆಲ್ಲ ಜಾಗ ತಪ್ಪುತ್ತದೆ. ಇಲ್ಲಿ ಆ ಫಿಲ್ಟರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಎತ್ತರ 18 ಸೆಂ.ಮೀ., ಅಗಲ 8 ಸೆಂ.ಮೀ., ಮುಚ್ಚಳದ ಮೇಲೆ ಹಿತ್ತಾಳೆ ಗುಂಡಿ. ಕಪ್ಪು ಗ್ರಾನೈಟ್ ಅಡುಗೆ ಕಟ್ಟೆಯ ಮೇಲೆ ಇಟ್ಟಂತೆ ತೋರಿಸಬೇಕು ಅನ್ನುವುದು ಅವರ ಬೇಡಿಕೆ. ನಾನು ಬಳಸಿದ್ದು ಬ್ಲೆಂಡರ್ ಮತ್ತು ಅದರ `Cycles` ಎಂಜಿನ್.

ಮಾಡೆಲ್ ಒಳಗೆ ಬಂದ ಕೂಡಲೇ ಮಾಡಬೇಕಾದ್ದು

ಫ್ಯಾಕ್ಟರಿಯವರು ಸಾಮಾನ್ಯವಾಗಿ ಸ್ಟೆಪ್ ಅನ್ನುವ ಕ್ಯಾಡ್ ಫೈಲ್ ಕೊಡುತ್ತಾರೆ. ಬ್ಲೆಂಡರ್ ಅದನ್ನು ನೇರವಾಗಿ ತೆರೆಯುವುದಿಲ್ಲ. ನಾನು ಫ್ರೀಕ್ಯಾಡ್‌ನಲ್ಲಿ ತೆರೆದು ಮೆಶ್ ಮಾಡಿ ತರುತ್ತೇನೆ. ಅಲ್ಲಿ `Surface deviation` ಅನ್ನುವ ಸಂಖ್ಯೆ ಕೇಳುತ್ತದೆ. 0.1 ಮಿ.ಮೀ. ಅಂತ ಬಿಟ್ಟರೆ 8 ಸೆಂ.ಮೀ. ಅಗಲದ ಸಿಲಿಂಡರ್ ಸುಮಾರು 44 ಮುಖಗಳ ಕಂಬವಾಗಿ ಬರುತ್ತದೆ. 0.01 ಕೊಟ್ಟರೆ 140ರ ಹತ್ತಿರ ಹೋಗುತ್ತದೆ. ಪ್ಲಾಸ್ಟಿಕ್ ಆದರೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಸ್ಟೀಲ್‌ನಲ್ಲಿ ಹೊಳಪಿನ ಪಟ್ಟೆ ಸಣ್ಣ ಸಣ್ಣ ತುಂಡಾಗಿ, ಬಿದಿರಿನ ಚಾಪೆ ಥರ ಕಾಣುತ್ತದೆ. ಹಾಗೆ ಕಂಡರೆ ಲೈಟ್ ಮುಟ್ಟಬೇಡಿ, ಮೆಶ್ ತಿರುಗಿ ಮಾಡಿ. ಬ್ಲೆಂಡರ್‌ಗೆ ತಂದ ಮೇಲೆ `Shade Auto Smooth` ಕೊಡಿ.

ಇನ್ನೊಂದು, ಅಳತೆ. ಮಿಲಿಮೀಟರ್‌ನಲ್ಲಿ ಬಂದ ಫೈಲನ್ನು ಬ್ಲೆಂಡರ್ ಮೀಟರ್ ಅಂತ ಓದಿದರೆ ಫಿಲ್ಟರ್ 180 ಮೀಟರ್ ಎತ್ತರವಾಗಿ ನಿಲ್ಲುತ್ತದೆ. 0.001ರಿಂದ ಸ್ಕೇಲ್ ಮಾಡಿ, `Ctrl+A` ಒತ್ತಿ `Scale` ಆಯ್ದುಕೊಳ್ಳಿ. ಮುಂದೆ ಕೊಡುವ ದೂರಗಳೆಲ್ಲ ನಿಜವಾದ ಅಳತೆಯ ಮೇಲೆಯೇ ನಿಂತಿವೆ.

ಕ್ಯಾಡ್ ಫೈಲ್‌ನಲ್ಲಿ ಅಂಚುಗಳು ಬ್ಲೇಡಿನಷ್ಟು ಚೂಪಾಗಿರುತ್ತವೆ. ನಿಜವಾದ ಮುಚ್ಚಳದ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಹಿಡಿಯುತ್ತದೆ, ಅಲ್ವಾ? ಅದಕ್ಕೆ `Bevel` ಮಾಡಿಫೈಯರ್ ಹಾಕಿ ಅಂಚನ್ನು ಅರ್ಧ ಮಿ.ಮೀ. ಉರುಟಾಗಿಸಿ. ಇಷ್ಟು ಸಾಕು.

ಕ್ಯಾಮೆರಾ ಕೂರಿಸುವುದು

ಈಗ ಎಲ್ಲಕ್ಕೂ ಬರೀ ಬೂದು ಮೆಟೀರಿಯಲ್ ಇರಲಿ. ಈ ಹಂತದಲ್ಲಿ ಹೊಳಪು ಬೇಡ, ಆಕಾರ ಮಾತ್ರ ನೋಡಬೇಕು.

ಲೆನ್ಸ್ 85 ಮಿ.ಮೀ. ಇಡಿ. 24 ಮಿ.ಮೀ. ಲೆನ್ಸ್‌ನಲ್ಲಿ ಇದೇ ಫಿಲ್ಟರ್ ಇಷ್ಟೇ ದೊಡ್ಡದಾಗಿ ಕಾಣಬೇಕಾದರೆ ಕ್ಯಾಮೆರಾವನ್ನು 35 ಸೆಂ.ಮೀ. ಹತ್ತಿರಕ್ಕೆ ತರಬೇಕು. ಆಗ ಮುಚ್ಚಳ ದಪ್ಪಗೆ, ತಳ ಸಣ್ಣಗೆ ಆಗಿ ಬಕೆಟ್ ಥರ ಕಾಣುತ್ತದೆ. 85ರಲ್ಲಿ 1.26 ಮೀಟರ್ ದೂರ ನಿಲ್ಲಿಸಿದರೆ ಫಿಲ್ಟರ್ ಫ್ರೇಮಿನ ಎತ್ತರದಲ್ಲಿ ಸುಮಾರು ಶೇ. 60 ತುಂಬುತ್ತದೆ. ಜನ ಮೇಜಿನ ಆಚೆಯಿಂದ ಪಾತ್ರೆಯನ್ನು ನೋಡುವ ದೂರವೂ ಹೆಚ್ಚುಕಡಿಮೆ ಅಷ್ಟೇ.

ಮುಚ್ಚಳದ ಮೇಲ್ಭಾಗ ಸ್ವಲ್ಪ ಕಾಣಬೇಕು. ಹಾಗಾಗಿ ಕ್ಯಾಮೆರಾ ಮೇಲಿರಬೇಕು. ಇಲ್ಲಿ ಎಲ್ಲರೂ ಮಾಡುವ ಕೆಲಸ ಕ್ಯಾಮೆರಾವನ್ನು ಕೆಳಕ್ಕೆ ಬಗ್ಗಿಸುವುದು. ಬಗ್ಗಿಸಿದರೆ ಫಿಲ್ಟರಿನ ಎರಡು ಬದಿಯ ನೇರ ಗೆರೆಗಳು ಕೆಳಗೆ ಹೋಗುತ್ತಾ ಹತ್ತಿರವಾಗುತ್ತವೆ. ಸಿಲಿಂಡರ್ ಮಾಡಿಸುವವರಿಗೆ ಅದು ಕೂಡಲೇ ಕಣ್ಣಿಗೆ ಬೀಳುತ್ತದೆ. ಕಟ್ಟಡಗಳ ಫೋಟೋ ತೆಗೆಯುವವರು ಇದಕ್ಕೆ ಶಿಫ್ಟ್ ಲೆನ್ಸ್ ಬಳಸುತ್ತಾರೆ. ಬ್ಲೆಂಡರ್ ಕ್ಯಾಮೆರಾದಲ್ಲೂ ಅದು ಇದೆ. ಕ್ಯಾಮೆರಾ ಮೇಲಿರಲಿ, ಆದರೆ ನೆಲಕ್ಕೆ ಸಮಾನಾಂತರವಾಗಿ ನೇರವಾಗಿ ನೋಡಲಿ. ಚಿತ್ರವನ್ನು ಮಾತ್ರ ಕೆಳಕ್ಕೆ ಸರಿಸಿ. ಫಿಲ್ಟರ್ ಸೀನಿನ ನಟ್ಟ ನಡುವೆ, ತಳ ನೆಲದ ಮೇಲೆ ಇದ್ದರೆ ಸಂಖ್ಯೆಗಳು ಹೀಗೆ:

```
Location      X 0    Y -1.26 m    Z 0.34 m
Rotation      X 90°  Y 0°         Z 0°
Focal Length  85 mm
Shift Y       -0.47
```

ಈಗ ಬದಿಯ ಗೆರೆಗಳು ನೆಟ್ಟಗೆ ನಿಲ್ಲುತ್ತವೆ. ಮುಚ್ಚಳ ತೆಳ್ಳನೆ ಮೊಟ್ಟೆಯಾಕಾರದಲ್ಲಿ ಕಾಣುತ್ತದೆ.

ಸ್ಲೈಡ್‌ನಲ್ಲಿ ಹೆಸರು, ವಿವರ ಬರೆಯಲು ಬಲಗಡೆ ಜಾಗ ಬೇಕು ಅಂದರೆ `Shift X` ಅನ್ನು 0.12ರ ಹಾಗೆ ಏರಿಸಿ. ಫಿಲ್ಟರ್ ಎಡಕ್ಕೆ ಹೋಗುತ್ತದೆ. ಈ ದಾರಿ ನನಗೆ ತುಂಬಾ ಇಷ್ಟ. ಕ್ಯಾಮೆರಾ ಇದ್ದಲ್ಲೇ ಇರುವುದರಿಂದ ಪ್ರತಿಬಿಂಬಗಳು ಅಲುಗಾಡುವುದಿಲ್ಲ. "ಲೋಗೋಗೆ ಇನ್ನೂ ಸ್ವಲ್ಪ ಜಾಗ ಬಿಡಿ" ಅಂತ ಕೊನೇ ದಿನ ಫೋನ್ ಬಂದರೂ ಬೆಳಕನ್ನು ಮತ್ತೆ ಕೂರಿಸುವ ಕೆಲಸ ಇಲ್ಲ.

ಹಿನ್ನೆಲೆ ಮಸುಕಾಗಲಿ ಅಂತ `F-Stop` ಅನ್ನು ಜಾಸ್ತಿ ಇಳಿಸಬೇಡಿ. ಈ ದೂರದಲ್ಲಿ 2.8ಕ್ಕೆ ಇಟ್ಟರೆ ಸ್ಪಷ್ಟವಾಗಿ ಕಾಣುವ ಆಳ 4 ಸೆಂ.ಮೀ.ಗಿಂತ ಕಡಿಮೆ. ಫಿಲ್ಟರ್ ಅಗಲವೇ 8 ಸೆಂ.ಮೀ. ಅರ್ಧ ಮಸುಕಾದ ಪಾತ್ರೆ ಆಟಿಕೆ ಥರ ಕಾಣುತ್ತದೆ. 8ಕ್ಕೆ ಇಟ್ಟರೆ ಸುಮಾರು 10 ಸೆಂ.ಮೀ. ಸಿಗುತ್ತದೆ. ಫೋಕಸ್ ಫಿಲ್ಟರಿನ ಮುಂಭಾಗದ ಮೈಮೇಲಲ್ಲ, ಅದಕ್ಕಿಂತ ಒಂದೆರಡು ಸೆಂ.ಮೀ. ಹಿಂದೆ ಇರಲಿ.

ಇಲ್ಲಿಗೆ ನಿಲ್ಲಿಸಿ. ಈ ಬೂದು ಚಿತ್ರವನ್ನೇ, ಬೇರೆ ಎತ್ತರದ ಇನ್ನೆರಡರ ಜೊತೆ ಗ್ರಾಹಕರಿಗೆ ಕಳಿಸಿ, ಕೋನ ಒಪ್ಪಿಸಿಕೊಳ್ಳಿ. "ಬಣ್ಣ ಆಮೇಲೆ ಬರುತ್ತೆ, ಈಗ ಕೋನ ಮಾತ್ರ ನೋಡಿ" ಅಂತ ಒಂದು ಸಾಲು ಬರೆಯಿರಿ. ಒಪ್ಪಿದ ಮೇಲೆ ಕ್ಯಾಮೆರಾದ ಸ್ಥಾನಕ್ಕೆ ಬೀಗ ಹಾಕಿಬಿಡಿ.

ಬೆಳಕು: ಸಿಲಿಂಡರ್ ಏನನ್ನು ನೋಡುತ್ತದೆ

ಮೊದಲು `World` ಬಣ್ಣ ಪೂರ್ತಿ ಕಪ್ಪು ಮಾಡಿ. ಇರುವ ಲೈಟುಗಳನ್ನೆಲ್ಲ ತೆಗೆಯಿರಿ. ಫಿಲ್ಟರ್‌ಗೆ ತಾತ್ಕಾಲಿಕವಾಗಿ `Metallic` 1, `Roughness` 0 ಕೊಡಿ, ಅಂದರೆ ಕನ್ನಡಿ. ಈಗ ಏನೂ ಕಾಣುವುದಿಲ್ಲ. ಇಲ್ಲಿಂದ ಒಂದೊಂದೇ ಹಲಗೆ ನಿಲ್ಲಿಸುತ್ತಾ ಹೋಗೋಣ.

ಹಲಗೆ ಅಂದೆ, ಲೈಟ್ ಅನ್ನಲಿಲ್ಲ. ಲೋಹಕ್ಕೆ ನಾನು ಮಾಮೂಲಿ ಪ್ಲೇನ್ ತೆಗೆದುಕೊಂಡು ಅದಕ್ಕೆ `Emission` ಮೆಟೀರಿಯಲ್ ಕೊಡುತ್ತೇನೆ. `Area` ಲೈಟ್‌ನಲ್ಲಿ ವ್ಯಾಟ್ ಲೆಕ್ಕ. ಅದನ್ನು ಸಣ್ಣದು ಮಾಡಿದರೆ ಅಷ್ಟೇ ವ್ಯಾಟ್ ಸಣ್ಣ ಜಾಗಕ್ಕೆ ಸೇರಿ, ಸ್ಟೀಲ್ ಮೇಲಿನ ಪಟ್ಟೆ ಇದ್ದಕ್ಕಿದ್ದಂತೆ ಕಣ್ಣು ಕುಕ್ಕುತ್ತದೆ. ಹಲಗೆಯಲ್ಲಿ ಹಾಗಿಲ್ಲ. `Strength` 2 ಅಂದರೆ ಹಲಗೆ ಎಷ್ಟೇ ಅಗಲವಾಗಲಿ, ಪ್ರತಿಬಿಂಬದ ಹೊಳಪು ಒಂದೇ. ಅಗಲ ಬೇರೆ, ಹೊಳಪು ಬೇರೆ ಅಂತ ಬಿಡಿಸಿ ಯೋಚಿಸಬಹುದು.

ಈಗ ಮುಖ್ಯವಾದ ಲೆಕ್ಕ. ಸಿಲಿಂಡರ್ ಮೈಯ ಮೇಲೆ ಒಂದು ಜಾಗ ಕ್ಯಾಮೆರಾದಿಂದ ಎಷ್ಟು ಡಿಗ್ರಿ ತಿರುಗಿದೆಯೋ, ಅದರ ಎರಡರಷ್ಟು ಡಿಗ್ರಿಯಲ್ಲಿರುವ ವಸ್ತುವನ್ನು ಅದು ತೋರಿಸುತ್ತದೆ. ಹಾಗಾಗಿ ಸರಿಯಾಗಿ ಪಕ್ಕದಲ್ಲಿ, 90 ಡಿಗ್ರಿಯಲ್ಲಿ ನಿಲ್ಲಿಸಿದ ಹಲಗೆ 45 ಡಿಗ್ರಿ ತಿರುಗಿದ ಜಾಗದಲ್ಲಿ ಕಾಣುತ್ತದೆ. ಕಣ್ಣಿಗೆ ಅದು ನಡುಗೆರೆಯಿಂದ ಅಂಚಿನ ಕಡೆಗೆ ಶೇ. 70 ದೂರ. ಹಲಗೆಯನ್ನು ಕ್ಯಾಮೆರಾ ಕಡೆ ತಂದರೆ ಪಟ್ಟೆ ನಡುವಿಗೆ ಬರುತ್ತದೆ. ಹಿಂದಕ್ಕೆ ತಳ್ಳಿದರೆ ಅಂಚಿಗೆ ಹೋಗುತ್ತದೆ. ಇದು ತಲೆಯಲ್ಲಿ ಕೂತರೆ ಸುಮ್ನೆ ಲೈಟ್ ಎಳೆದಾಡುವ ಕೆಲಸ ತಪ್ಪುತ್ತದೆ.

ಮೊದಲ ಹಲಗೆ ಎಡಗಡೆ. ನಾನು ಮೊದಲು ಅದನ್ನು 50 ಸೆಂ.ಮೀ. ದೂರದಲ್ಲಿ ನಿಲ್ಲಿಸಿದ್ದೆ. ಬಿಳಿ ಪಟ್ಟೆ ಚೆನ್ನಾಗಿ ಬಂತು, ಆದರೆ ಫಿಲ್ಟರಿನ ಅರ್ಧಕ್ಕೇ ನಿಂತಿತು. ಕೆಳಗಿನ ಅರ್ಧ ಕಪ್ಪು. ಹಲಗೆಯನ್ನು ಇನ್ನೂ ಎತ್ತರ ಮಾಡಿದೆ, ಏನೂ ಬದಲಾಗಲಿಲ್ಲ. ಅರ್ಥವಾಗಲು ಒಂದು ಸಂಜೆ ಬೇಕಾಯಿತು. ಕ್ಯಾಮೆರಾ ಮೇಲಿನಿಂದ ನೋಡುತ್ತಿದೆ. ನೋಟ ಇಳಿಜಾರಾಗಿ ಬಂದು ಪಾತ್ರೆಗೆ ತಾಗಿ, ಅಷ್ಟೇ ಇಳಿಜಾರಾಗಿ ಪಕ್ಕಕ್ಕೆ ಹೋಗುತ್ತದೆ. ಹೋಗುತ್ತಾ ಹೋಗುತ್ತಾ ನೆಲಕ್ಕೆ ಬೀಳುತ್ತದೆ. ಪಾತ್ರೆಯ ಕೆಳಭಾಗದಿಂದ ಹೊರಟ ನೋಟ ಹಲಗೆಯನ್ನು ಮುಟ್ಟುವ ಮೊದಲೇ ಕಪ್ಪು ಗ್ರಾನೈಟ್ ಸೇರುತ್ತಿತ್ತು. ಹಲಗೆಯನ್ನು 30 ಸೆಂ.ಮೀ.ಗೆ ತಂದಾಗ ಪಟ್ಟೆ ಕೆಳಗಿನ 6.5 ಸೆಂ.ಮೀ. ಬಿಟ್ಟು ಉಳಿದದ್ದನ್ನೆಲ್ಲ ತುಂಬಿತು. ಆ ಉಳಿದ ಕಪ್ಪನ್ನು ಹಾಗೇ ಬಿಟ್ಟೆ. ಪಾತ್ರೆ ನಿಜವಾಗಿ ಆ ಕಟ್ಟೆಯ ಮೇಲೆ ಕೂತಿದೆ ಅನ್ನಿಸುವುದು ಅದರಿಂದಲೇ.

ಈ ಹಲಗೆಯ ಅಗಲ 24 ಸೆಂ.ಮೀ., ಎತ್ತರ 40, ಬುಡ ಕಟ್ಟೆಗೆ ತಾಗಿರಲಿ. `Strength` 2. ಅಂಚು ಕತ್ತರಿಸಿದಂತೆ ಕಂಡರೆ ಟ್ಯೂಬ್‌ಲೈಟ್ ಥರ ಆಗುತ್ತದೆ. ಒಂದು ಬದಿ ಮೆಲ್ಲಗೆ ಕರಗಬೇಕು. ಅದಕ್ಕೆ ಹಲಗೆಯ ಮೆಟೀರಿಯಲ್ ಅನ್ನು ಹೀಗೆ ಜೋಡಿಸಿ:

```
Texture Coordinate (UV) → Gradient Texture → Color Ramp → Emission
```

`Color Ramp`ನಲ್ಲಿ ಕಪ್ಪನ್ನು ಫಿಲ್ಟರಿನ ನಡುವಿನ ಕಡೆ ಬರುವಂತೆ ಇಡಿ. ಹೊರ ಅಂಚು ಗಟ್ಟಿ, ಒಳ ಅಂಚು ಮೆತ್ತಗೆ. ದುಂಡಗಿನ ಭಾವನೆ ಬರುವುದು ಈ ಕರಗುವಿಕೆಯಿಂದ.

ಎರಡನೆಯದು ಬಲಗಡೆ ಹಿಂದೆ. ಕಪ್ಪು ಹಿನ್ನೆಲೆಯಲ್ಲಿ ಪಾತ್ರೆಯ ಬಲ ಅಂಚು ಮಾಯವಾಗಿಬಿಡುತ್ತದೆ, ಏಕೆಂದರೆ ಅಂಚಿನ ಜಾಗ ಹಿಂದಿನ ಕಪ್ಪನ್ನೇ ತೋರಿಸುತ್ತದೆ. 10 ಸೆಂ.ಮೀ. ಅಗಲದ ಪಟ್ಟಿಯನ್ನು 45 ಸೆಂ.ಮೀ. ಪಕ್ಕಕ್ಕೆ, 60 ಸೆಂ.ಮೀ. ಹಿಂದಕ್ಕೆ ಇಡಿ. ಅಂಚಿನಲ್ಲಿ ಒಂದು ಸಣ್ಣ ಬೆಳ್ಳಿ ಗೆರೆ ಬರುತ್ತದೆ. ಬಿಳಿ ಹಿನ್ನೆಲೆ ಆಗಿದ್ದರೆ ಇದೇ ಜಾಗಕ್ಕೆ ಹೊಳೆಯದ ಕಪ್ಪು ಹಲಗೆ ಬೇಕು. ಇಲ್ಲದಿದ್ದರೆ ಸ್ಟೀಲ್ ಬಿಳಿಯಲ್ಲಿ ಕರಗಿಹೋಗುತ್ತದೆ.

ಮೂರನೆಯದು ಮುಂದೆ. ಪಾತ್ರೆಯ ನಡುಭಾಗ ಕ್ಯಾಮೆರಾ ಕಡೆಯ ಗ್ರಾನೈಟನ್ನು ತೋರಿಸುತ್ತಾ ಕಪ್ಪಾಗಿರುತ್ತದೆ. 60 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರದ ಹಲಗೆಯನ್ನು ಫಿಲ್ಟರಿನ 40 ಸೆಂ.ಮೀ. ಮುಂದೆ ನಿಲ್ಲಿಸಿ. `Strength` ಬರೀ 0.25. ಅಯ್ಯೋ, ಅದು ಕ್ಯಾಮೆರಾಗೆ ಅಡ್ಡ ಬರುತ್ತಲ್ಲ ಅನ್ನುತ್ತೀರಿ. ನಿಜವಾದ ಸ್ಟುಡಿಯೋದಲ್ಲಿ ಇದು ಸಾಧ್ಯವಿಲ್ಲ, ಇಲ್ಲಿ ಸಾಧ್ಯ. ಹಲಗೆಯ `Object` ಪ್ರಾಪರ್ಟಿಯಲ್ಲಿ `Ray Visibility` ಅಡಿ `Camera` ಟಿಕ್ ತೆಗೆಯಿರಿ. ಕ್ಯಾಮೆರಾಗೆ ಕಾಣುವುದಿಲ್ಲ, ಸ್ಟೀಲ್‌ಗೆ ಕಾಣುತ್ತದೆ. ಎಲ್ಲ ಹಲಗೆಗಳಿಗೂ ಇದನ್ನೇ ಮಾಡಿ.

ಎಡ ಪಟ್ಟೆಗೂ ನಡುವಿನ ಮಂದ ಬೂದಿಗೂ ನಡುವೆ ಒಂದು ಕಪ್ಪು ಸಂದು ಉಳಿಯುತ್ತದೆ. ಅದನ್ನು ಮುಚ್ಚಲು ಹೋಗಬೇಡಿ. ಬಿಳಿ, ಕಪ್ಪು, ಬೂದು ಪಕ್ಕ ಪಕ್ಕ ಇದ್ದಾಗಲೇ ಕಣ್ಣು ಇದು ಸ್ಟೀಲ್ ಅಂತ ಒಪ್ಪುವುದು. ಎಲ್ಲ ಕಡೆ ಬೆಳಕು ತುಂಬಿದರೆ ಮತ್ತೆ ಸಿಮೆಂಟ್ ಪೈಪ್.

ಕೊನೆಯದು ಮುಚ್ಚಳಕ್ಕೆ. ತಲೆಯ ಮೇಲಿಂದ ಲೈಟ್ ಹಾಕಿದರೆ ಮುಚ್ಚಳ ಹೊಳೆಯುವುದಿಲ್ಲ. ನಾವು ಅದನ್ನು ತುಂಬಾ ಓರೆಯಾಗಿ ನೋಡುತ್ತಿರುವುದರಿಂದ ಅದು ತೋರಿಸುವುದು ಹಿಂದಿನದನ್ನು. ಫಿಲ್ಟರಿನ 80 ಸೆಂ.ಮೀ. ಹಿಂದೆ, ನೆಲದಿಂದ 20ರಿಂದ 40 ಸೆಂ.ಮೀ. ಎತ್ತರದಲ್ಲಿ ಒಂದು ಹಲಗೆ ಇಡಿ. ಅದು ಫ್ರೇಮಿಗಿಂತ ಮೇಲಿದೆ, ಮುಚ್ಚಳಕ್ಕೆ ಮಾತ್ರ ಸಿಗುತ್ತದೆ.

ಮೆಟೀರಿಯಲ್ ಈಗ

ಬೆಳಕು ಸರಿ ಕೂತಿದ್ದರೆ ಇಲ್ಲಿ ಮಾಡಬೇಕಾದ್ದು ಕಡಿಮೆ. `Principled BSDF`ನಲ್ಲಿ ಸ್ಟೀಲ್‌ಗೆ `Metallic` 1, ಬಣ್ಣ ಮೂರೂ 0.6ರ ಆಸುಪಾಸು, ಕೆಂಪು ಒಂದು ಚೂರು ಜಾಸ್ತಿ. ಹಿತ್ತಾಳೆ ಗುಂಡಿಗೆ 0.91, 0.78, 0.42. ಗುಂಡಿಯ `Roughness` 0.12 ಸಾಕು, ಅದು ಚೆನ್ನಾಗಿ ಉಜ್ಜಿದ ಹಿತ್ತಾಳೆ. `Metallic` ಅನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಅರ್ಧ ಲೋಹ ಅನ್ನುವುದು ಇಲ್ಲ, ಬಣ್ಣ ಬಳಿದ ಹಾಗೆ ಕಾಣುತ್ತದೆ.

ನಮ್ಮ ಗ್ರಾಹಕರ ಫಿಲ್ಟರ್ ಕನ್ನಡಿಯಂತೆ ಹೊಳೆಯುವುದಲ್ಲ, ಸುತ್ತ ಸಣ್ಣ ಗೆರೆಗಳಿರುವ ಮ್ಯಾಟ್ ಫಿನಿಶ್. ಮನೆಯ ಸ್ಟೀಲ್ ಪಾತ್ರೆಯ ಚಪ್ಪಟೆ ಮುಚ್ಚಳವನ್ನು ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿ ನೋಡಿ. ಉರುಟು ಗೆರೆಗಳಿದ್ದರೆ ನಡುವಿನಿಂದ ಎರಡು ಬೀಸಣಿಗೆಯಂತೆ ಬೆಳಕು ಹರಡಿರುತ್ತದೆ. ಅದು ಬರಬೇಕಾದರೆ `Roughness` 0.28, `Anisotropic` 0.6 ಕೊಡಿ. `Tangent` ನೋಡ್ ತಂದು `Radial`, `Z` ಆಯ್ದು ಶೇಡರಿನ `Tangent`ಗೆ ಸೇರಿಸಿ. ಮುಚ್ಚಳದ ಮೇಲೆ ಬೀಸಣಿಗೆ ಬಂದರೆ ಸರಿ. ಅದರ ಬದಲು ಬೆಳಕು ಉಂಗುರದಂತೆ ಸುತ್ತಿದರೆ `Anisotropic Rotation` ಅನ್ನು 0.25 ಮಾಡಿ, ಅಂದರೆ 90 ಡಿಗ್ರಿ. `EEVEE`ಯಲ್ಲಿ ಇದು ಕೆಲಸ ಮಾಡುವುದಿಲ್ಲ, `Cycles`ನಲ್ಲೇ ನೋಡಬೇಕು.

ಇಷ್ಟಾದ ಮೇಲೂ ಮೈ ತೀರಾ ಶುದ್ಧ ಅನ್ನಿಸುತ್ತದೆ. ಒಂದು `Noise Texture`ನಿಂದ `Roughness` 0.25ರಿಂದ 0.32ರ ನಡುವೆ ಅಲೆಯುವಂತೆ ಮಾಡಿ. ಕಣ್ಣಿಗೆ ಕಾಣಬಾರದು, ತೆಗೆದಾಗ ಮಾತ್ರ ಗೊತ್ತಾಗಬೇಕು, ಅಷ್ಟು.

ಒಂದು ಎಚ್ಚರಿಕೆ. ಚೆನ್ನಾಗಿ ಕಾಣುತ್ತದೆ ಅಂತ ನಾನು ಬೇರೊಂದು ಕೆಲಸದಲ್ಲಿ ಕನ್ನಡಿ ಫಿನಿಶ್ ತೋರಿಸಿದ್ದೆ. ಗ್ರಾಹಕರು ಅದನ್ನೇ ತಮ್ಮ ಅಂಗಡಿಯವರಿಗೆಲ್ಲ ತೋರಿಸಿ ಆರ್ಡರ್ ತಂದರು. ಫ್ಯಾಕ್ಟರಿಯಲ್ಲಿ ಅಷ್ಟು ಪಾಲಿಶ್ ಮಾಡಲು ಪ್ರತಿ ಪಾತ್ರೆಗೂ ಹೆಚ್ಚಿನ ಕೂಲಿ ಬೀಳುತ್ತಿತ್ತು, ಅದು ಬೆಲೆಯಲ್ಲಿ ಸೇರಿರಲಿಲ್ಲ. ಅವರ ಮುಖ ಈಗಲೂ ನೆನಪಿದೆ. ಅಂದಿನಿಂದ ಸ್ಯಾಂಪಲ್ ತುಂಡು ಕೈಗೆ ಬರದೆ ಫಿನಿಶ್ ಒಪ್ಪಿಸುವುದಿಲ್ಲ. ಸ್ಯಾಂಪಲನ್ನು ಕಿಟಕಿ ಪಕ್ಕ ಇಟ್ಟು ಫೋನಿನಲ್ಲಿ ಫೋಟೋ ತೆಗೆದು, ರೆಂಡರಿನ ಪಕ್ಕದಲ್ಲಿಟ್ಟು ಪಟ್ಟೆಯ ಅಂಚು ಎಷ್ಟು ಮಸುಕು ಅಂತ ಹೋಲಿಸುತ್ತೇನೆ. `Roughness` ಸಂಖ್ಯೆ ತೀರ್ಮಾನವಾಗುವುದು ಅಲ್ಲಿ.

ರೆಂಡರ್, ಆಮೇಲೆ ಮೀಟಿಂಗ್

3840 × 2160 ಅಳತೆ, `Noise Threshold` 0.01, ಸ್ಯಾಂಪಲ್ 1024, ಡಿನಾಯ್ಸ್ ಆನ್. ಸ್ಯಾಂಪಲ್ ತುಂಬಾ ಕಡಿಮೆ ಇಟ್ಟರೆ ಡಿನಾಯ್ಸರ್ ಮುಚ್ಚಳದ ಬೀಸಣಿಗೆಯನ್ನು ಮೇಣದಂತೆ ಸವರಿಬಿಡುತ್ತದೆ. ಪೂರ್ತಿ ರೆಂಡರ್ ಮಾಡುವ ಮೊದಲು ಕ್ಯಾಮೆರಾ ನೋಟದಲ್ಲಿ `Ctrl+B` ಒತ್ತಿ ಮುಚ್ಚಳದಷ್ಟೇ ಚೌಕ ಎಳೆದು ಪರೀಕ್ಷಿಸಿ. `View Transform` `AgX` ಇರಲಿ, ಬಿಳಿ ಪಟ್ಟೆ ಸುಡುವುದಿಲ್ಲ. ಆದರೆ ಅದು ಬಣ್ಣಗಳನ್ನು ಸ್ವಲ್ಪ ಮಂಕು ಮಾಡುತ್ತದೆ. ಕಂಪನಿಯ ಕೆಂಪು ಲೋಗೋ ಇದ್ದರೆ ಅದನ್ನು ರೆಂಡರ್ ಒಳಗೆ ಹಾಕದೆ ಸ್ಲೈಡ್‌ನಲ್ಲೇ ಇಡಿ.

ಮೀಟಿಂಗ್‌ಗೆ ಮೂರು ಚಿತ್ರ ಸಾಕು. ಮೊದಲು ಇದೇ ಮುಖ್ಯ ಚಿತ್ರ, ಆಮೇಲೆ ಗುಂಡಿ ಮತ್ತು ಮುಚ್ಚಳದ ಹತ್ತಿರದ ನೋಟ, ಕೊನೆಗೆ ಮುಚ್ಚಳ, ಒತ್ತುವ ತಟ್ಟೆ, ತೂತಿನ ಮೇಲಿನ ಪಾತ್ರೆ, ಡಿಕಾಕ್ಷನ್ ಬೀಳುವ ಕೆಳಗಿನ ಪಾತ್ರೆ ಬಿಡಿಬಿಡಿಯಾಗಿ. ಹೊಸ ಕೋನ ಅಂದರೆ ಹಲಗೆಗಳ ಜಾಗವೂ ಹೊಸದು, ಅದಕ್ಕೂ ಸಮಯ ಇಟ್ಟುಕೊಳ್ಳಿ. ಮೀಟಿಂಗ್ ರೂಮಿನ ಟಿವಿಗಳು ಸಾಮಾನ್ಯವಾಗಿ ಬಣ್ಣ ಏರಿಸಿಟ್ಟಿರುತ್ತವೆ, ಕಪ್ಪು ಸಂದುಗಳು ಅಲ್ಲಿ ಕೆಸರಾಗುತ್ತವೆ. ಹತ್ತು ನಿಮಿಷ ಮೊದಲೇ ಹೋಗಿ ಪಿಕ್ಚರ್ ಮೋಡ್ ಬದಲಿಸಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಕರಗುವ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲು ಬೀಳುತ್ತದೆ.

ಹಲಗೆಗಳನ್ನೆಲ್ಲ ಒಂದು ಕಲೆಕ್ಷನ್‌ಗೆ ಹಾಕಿ ಉಳಿಸಿಕೊಳ್ಳಿ. ಅದೇ ಗ್ರಾಹಕರ ಲೋಟ, ಡಬ್ಬಿಗಳಿಗೆ ಸಣ್ಣ ಬದಲಾವಣೆಯಲ್ಲಿ ಇದು ನಡೆಯುತ್ತದೆ, ಏಕೆಂದರೆ ಮೈ ನೆಟ್ಟಗಿದೆ. ಚೊಂಬಿಗೆ ಮಾತ್ರ ನಡೆಯುವುದಿಲ್ಲ. ಅದರ ಹೊಟ್ಟೆ ಮೇಲಕ್ಕೂ ಕೆಳಕ್ಕೂ ಬಾಗಿರುವುದರಿಂದ ಛಾವಣಿಯಿಂದ ನೆಲದವರೆಗೆ ಎಲ್ಲವನ್ನೂ ತೋರಿಸುತ್ತದೆ, ಹಲಗೆಗಳ ಮೇಲಂಚು ಕೆಳಂಚು ಸಮೇತ. ಚೊಂಬಿಗೆ ಕಪ್ಪು ಜಗತ್ತಿನಿಂದ ಮತ್ತೆ ಶುರು ಮಾಡಬೇಕು.